ಮಹಡಿಮನೆಯ ಆಫೀಸು
ನಮ್ಮ ಮಹಡಿಮನೆಯ ನಕ್ಷೆಗಾರರಿಗೆ ಕಂಪನಿಯವರು ಮನೆಯಿಂದಲೇ ಕೆಲಸ ಮಾಡಿ ಎಂದು ಹೇಳಿ ಆರು ತಿಂಗಳಾಯಿತು. ಆದರೂ ಬೆಳಿಗ್ಗೆ ಒಂಬತ್ತಕ್ಕೆ ಬೂಟು ಹಾಕಿ, ಊಟದ ಡಬ್ಬಿ ಹಿಡಿದು ಮೆಟ್ಟಿಲಿಳಿಯುತ್ತಾರೆ. ಬೀದಿ ಸುತ್ತಿ ಬಂದು, "ಇವತ್ತು ಸ್ವಲ್ಪ ಲೇಟಾಯ್ತು" ಎಂದು ಗಾಬರಿಯಿಂದ ಅದೇ ಮೆಟ್ಟಿಲು ಹತ್ತುತ್ತಾರೆ. ಹನ್ನೊಂದಕ್ಕೆ ಚಹಾ ಹಿಡಿದು ಕೆಳಗಿಳಿದು ನನ್ನೆದುರು ಮೇಲಧಿಕಾರಿಯನ್ನು ಬೈಯುತ್ತಾರೆ. ಆ ಮಹಾಶಯನ ಮುಖವನ್ನೇ ಕಾಣದ ನಾನೂ "ಅವರದ್ದು ಅತಿಯಾಯ್ತು ಬಿಡಿ" ಅನ್ನುತ್ತೇನೆ. ಆಫೀಸಿನಲ್ಲಿ ಪಕ್ಕದ ಮೇಜಿನವನು ಹನ್ನೆರಡು ವರ್ಷ ಪೆನ್ನು ಟಿಕ್ ಟಿಕ್ ಅನ್ನಿಸಿ ತಲೆ ತಿಂದನೆಂಬುದು ಅವರ ನಿತ್ಯದ ದೂರು. ನಿನ್ನೆ ಮಧ್ಯಾಹ್ನ ಏಣಿ ಕೇಳಲು ಹೋದರೆ, ನಕ್ಷೆಯ ಪಕ್ಕದಲ್ಲಿಟ್ಟಿದ್ದ ಫೋನಿನಿಂದ ಮಾತಿಲ್ಲ, ಬರೀ ಟಿಕ್ ಟಿಕ್. "ಅವನೂ ಈಗ ಮನೇಲೇ. ದಿನಾ ಎರಡು ಗಂಟೆ ಹೀಗೇ ಫೋನ್ ಇಟ್ಕೊಂಡು, ನಮ್ಮ ನಮ್ಮ ಕೆಲಸ ಮಾಡ್ಕೋತೀವಿ" ಎಂದರು. ಅಷ್ಟರಲ್ಲಿ ಸದ್ದು ನಿಂತಿತು. ಅವರ ಪೆನ್ಸಿಲೂ ನಿಂತಿತು. "ಲೋ," ಎಂದರು ಮೆಲ್ಲಗೆ ಫೋನಿಗೆ ಬಾಗಿ, "ಇದೀಯೇನೋ?"