ಹಲಗೆಯ ಮೇಲಿನ ಹತ್ತು ವಾಕ್ಯ

ಚಿಕ್ಕೋಡಿಯ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುವಾಗ ದಿನವೂ ಪ್ರಾರ್ಥನೆಗೆ ಮುನ್ನ ಹಲಗೆಯ ಮೇಲೆ ಹತ್ತು ವಾಕ್ಯ ಬರೆದಿಡುತ್ತಿದ್ದೆ. ಮಕ್ಕಳು ಮಾತಾಡದೆ ಬರೆದುಕೊಳ್ಳಬೇಕು. ಪರೀಕ್ಷೆಯ ಹಿಂದಿನ ದಿನ ‘ಶೀ ಕ್ಯಾನ್ ಸ್ವಿಮ್ಸ್’ ಎಂದು ಬರೆದುಬಿಟ್ಟೆ. ‘ಶೀ’ ಬಂದರೆ ಕ್ರಿಯಾಪದಕ್ಕೆ ‘ಎಸ್’ ಹಚ್ಚುವುದು ಕೈಗಂಟಿದ ರೂಢಿ.

ಬಿಡುವಿನ ವೇಳೆ ತರಗತಿ ಖಾಲಿಯಾದ ಮೇಲೆ ಐನಾಪುರದ ಹುಡುಗಿಯೊಬ್ಬಳು ಬಂದಳು.

“ಸರ, ಕ್ಯಾನ್ ಆದಮ್ಯಾಲ ಬರೇ ಸ್ವಿಮ್ ಬರತೈತ್ರಿ. ಎಲ್ಲಾರೂ ಹಿಂಗ ಬರದ್ರ ನಾಳೆ ಮಾರ್ಕ್ಸ್ ಹೋಗ್ತಾವ್ರಿ.”

“ಆಗ್ಲೇ ಯಾಕ ಹೇಳಲಿಲ್ಲವ್ವಾ?”

“ನಡುವ ಬಾಯಿ ಹಾಕಿದ್ರ ಹೊರಗ ನಿಲ್ಲಸ್ತೀರಲ್ರಿ!”

ಕೊನೆಯ ಅವಧಿಯಲ್ಲಿ ತಪ್ಪು ನನ್ನದೆಂದು ಒಪ್ಪಿಕೊಂಡು ಎಲ್ಲರ ವಹಿಯಲ್ಲೂ ತಿದ್ದಿಸಿದೆ. ಅದನ್ನು ಹಿಡಿದವಳು ಯಾರೆಂದೂ ಹೇಳಿದೆ. ಮರುದಿನ ಪರೀಕ್ಷೆಯಲ್ಲಿ ‘ಕ್ಯಾನ್’ ಪ್ರಶ್ನೆಯ ಅಂಕವನ್ನು ಯಾರೂ ಕಳೆದುಕೊಳ್ಳಲಿಲ್ಲ. ಅವಳಿಗೆ ನಾನು ಇಂದಿಗೂ ಋಣಿ.