ಮಾತಿಲ್ಲದ ಪ್ಲೇಟು

ಗಂಡ ಓಂಕಾರಪ್ಪ ತೀರಿಕೊಂಡ ಮೇಲೆ ವೀರಮ್ಮನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಪುಸ್ತಕ ತೆರೆದರೆ ಮನೆ ಬಿಕೋ ಎನ್ನುವುದು. ಎದ್ದು ಬಾಗಿಲಿಗೆ ಹೋಗುವಳು, ಮತ್ತೆ ಬರುವಳು. ಭದ್ರಾವತಿ ಕಾರ್ಖಾನೆಯ ಸೈರನ್ ಕೂಗಿದರೆ ಅವನು ಬಂದನೇನೋ ಎಂದು ಕಿವಿ ನಿಮಿರುವುದು.

ಲೋಯರ್ ಸೆಕೆಂಡರಿ ಪರೀಕ್ಷೆ ಪಾಸಾದರೆ ತಾನಿದ್ದ ಜನ್ನಾಪುರದಲ್ಲೇ ಹೆಣ್ಣುಮಕ್ಕಳಿಗೆ ಪಾಠ ಹೇಳುವ ಕೆಲಸ ಸಿಗುವ ಮಾತಿತ್ತು. ಇಲ್ಲದಿದ್ದರೆ ಶಿವಮೊಗ್ಗದ ಅಣ್ಣನ ಮನೆಯೇ ಗತಿ.

"ಭಾನುವಾರ ಬರ್ತೀನಿ. ಒಂದು ಪಾಠ ಓದ್ಸಿ ಕೇಳ್ತೀನಿ. ಹೇಳಕ್ಕಾಗ್ದಿದ್ರೆ ಗಂಟು ಕಟ್ಟು" ಎಂದು ಅಣ್ಣ ಕರಿಯಣ್ಣ ಹೇಳಿ ಹೋಗಿದ್ದ.

"ಇಷ್ಟು ಸದ್ದಿಲ್ಲದ ಮನೇಲಿ ಯಾರು ಓದ್ತಾರೆ ಮಾರಾಯ್ತಿ? ನಿನ್ನ ಯಜಮಾನ್ರ ಹಾಡಿನ ಪೆಟ್ಟಿಗೆ ಹಾಕು" ಎಂದಳು ಪಕ್ಕದ ಮನೆ ಚೌಡಮ್ಮ.

ಓಂಕಾರಪ್ಪನ ಗ್ರಾಮಾಫೋನಿಗೆ ಕೀಲಿ ಕೊಟ್ಟು, ಅವನಿಗೆ ಇಷ್ಟವಾಗಿದ್ದ ನಾಟಕದ ಹಾಡಿನ ಪ್ಲೇಟು ಹಾಕಿದರು. ಲೆಕ್ಕಕ್ಕೆ ಅಡ್ಡಿಯಾಗಲಿಲ್ಲ. ಚರಿತ್ರೆಯ ಪಾಠಕ್ಕೆ ಬಂದಾಗ ಕೆಟ್ಟಿತು. ಓದಿದ್ದನ್ನು ಸ್ಲೇಟಿನ ಮೇಲೆ ಬರೆದಳು: ಅಶೋಕನು ಯುದ್ಧವನ್ನು ಬಿಟ್ಟು ಮಲ್ಲಿಗೆ ಮುಡಿದನು.

ಹಾಡಿನ ಮಲ್ಲಿಗೆ ಪಾಠಕ್ಕೆ ಬಂದದ್ದು ಕಂಡು ಚೌಡಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಾನು ಹಾಡು ಕೇಳ್ತಾನೇ ಪುರಾಣ ಓದ್ತೀನಪ್ಪ, ನಂಗೇನೂ ಆಗಲ್ಲ."

"ನಿಂಗಾಗಲ್ಲ, ನಂಗಾಗತ್ತೆ. ಪುಸ್ತಕದಲ್ಲಿರೋದೂ ಮಾತು, ಪ್ಲೇಟಿನವನು ಹಾಡೋದೂ ಮಾತು. ಎರಡೂ ಒಂದೇ ಬಾಗಿಲಲ್ಲಿ ನುಗ್ತಾವೆ."

ಮರುದಿನ ಕ್ಲಾರಿಯೊನೆಟ್ ವಾದ್ಯದ ಪ್ಲೇಟು ಹಾಕಿದರು. ಅದರಲ್ಲಿ ಹಾಡುವವರಿಲ್ಲ. ಆದರೆ ಅದು ಚಿಕ್ಕಂದಿನಿಂದ ಕೇಳಿದ ದೇವರನಾಮ. ವೀರಮ್ಮನ ತುಟಿ ತಾನೇ ಸಾಲು ಹೇಳುತ್ತಿತ್ತು. ಅಶೋಕ ಮತ್ತೆ ಕೈಬಿಟ್ಟ. ಸಿಟ್ಟಿನಿಂದ ಪುಸ್ತಕವನ್ನು ನೆಲಕ್ಕೆ ಬಡಿದಳು.

ಪ್ಲೇಟುಗಳನ್ನಿಟ್ಟಿದ್ದ ಪೆಟ್ಟಿಗೆಯ ತಳದಲ್ಲಿ ಪಿಟೀಲಿನ ಪ್ಲೇಟೊಂದಿತ್ತು. ಓಂಕಾರಪ್ಪ ಒಂದೇ ಸಲ ಕೇಳಿ, "ಪದವೇ ಇಲ್ಲವಲ್ಲೇ" ಎಂದು ಮೂಲೆಗಿಟ್ಟಿದ್ದ. ಬರೀ ರಾಗ. ನೆನಪಿಸಿಕೊಳ್ಳಲು ಸಾಲೇ ಇಲ್ಲ. ಸದ್ದು ತಗ್ಗಲೆಂದು ಗ್ರಾಮಾಫೋನಿನ ಹಾರನ್ನಿಗೆ ಹಳೆ ಸೀರೆ ತುರುಕಿ ಅದನ್ನೇ ಹಾಕಿದರು; ಓದು ಸಾಗಿತು. ಮೂರು ನಿಮಿಷಕ್ಕೊಮ್ಮೆ ಪ್ಲೇಟು ಮುಗಿಯುವುದು. ವೀರಮ್ಮ ಏಳುವ ಹಾಗಿಲ್ಲ, ಎದ್ದರೆ ಓದು ಕಡಿಯುವುದು. ಕೀಲಿ ಕೊಡುವುದು, ಮುಳ್ಳು ಬದಲಿಸುವುದು ಚೌಡಮ್ಮನ ಪಾಲಿಗೆ ಬಂತು. ಶನಿವಾರ ಚೌಡಮ್ಮ ತೂಕಡಿಸಿದಳು, ಪ್ಲೇಟು ನಿಂತಿತು. ವೀರಮ್ಮ ಎರಡು ಪುಟ ಓದಿದ ಮೇಲೆ ಅದನ್ನು ಗಮನಿಸಿದಳು.

ಭಾನುವಾರ ಕರಿಯಣ್ಣ ಬಂದ. ಹಾಡಿನ ಪೆಟ್ಟಿಗೆ ನೋಡಿ ಹುಬ್ಬೇರಿಸಿದ. "ಪರೀಕ್ಷೆಗೂ ಇದನ್ನ ಹೊತ್ಕೊಂಡು ಹೋಗ್ತೀಯಾ?"

"ಪೆಟ್ಟಿಗೆ ಮುಚ್ಚಿಟ್ಟೇ ಪಾಠ ಕೇಳು" ಎಂದಳು ವೀರಮ್ಮ.

ಓದದ ಪಾಠ ಒಂದನ್ನು ತೆಗೆದುಕೊಟ್ಟ. ಓದಿದಳು, ಪುಸ್ತಕ ಮಡಚಿದಳು, ಹೇಳಿದಳು. ಒಂದು ಇಸವಿ ತಪ್ಪಿತು, ಉಳಿದದ್ದು ಸರಿಯಿತ್ತು. ಈ ಸಲ ಯಾರೂ ಮಲ್ಲಿಗೆ ಮುಡಿಯಲಿಲ್ಲ.

"ಆಯ್ತು, ಪರೀಕ್ಷೆ ಬರಿ. ಇಲ್ಲೇ ಇರು" ಎಂದ ಕರಿಯಣ್ಣ. ನಾಟಕದ ಪ್ಲೇಟು ಎತ್ತಿಕೊಂಡ. "ಹಾಗಾದ್ರೆ ಇದು ನಿಂಗೆ ಬೇಡ್ವಲ್ಲ, ನಾನು ಒಯ್ತೀನಿ."

"ಅಲ್ಲೇ ಇಡು." ಅವನ ಕೈಯಿಂದ ಕಸಿದುಕೊಂಡಳು. "ಓದೋವಾಗ ಬೇಡ ಅಂದೆ ಅಷ್ಟೇ."

ಪುಸ್ತಕವನ್ನು ಗೂಡಿನಲ್ಲಿಟ್ಟು, ಹಾರನ್ನಿನ ಸೀರೆ ಕಿತ್ತು ಹಾಡು ಹಾಕಿದಳು. ಈಗ ಒಂದೊಂದು ಮಾತೂ ಬೇಕಿತ್ತು. ಓಂಕಾರಪ್ಪ ಯಾವ ಸಾಲಿಗೆ ತಪ್ಪು ತಾಳ ಹಾಕುತ್ತಿದ್ದನೋ, ಆ ಸಾಲಿಗೆ ತಾನೇ ತಪ್ಪು ತಾಳ ಹಾಕುತ್ತ ಕೂತಳು. ಏಳಲಿಲ್ಲ.