ಹಿರಿಸೊಸೆಯ ಹೊಡೆತ, ಕಿರಿಸೊಸೆಯ ಮುಂಗೈ

ಸೋಪಿನ ಕಾರ್ಖಾನೆಯ ಹಿಂದಿನ ಅಂಗಳದಲ್ಲಿ ವಾಲಿಬಾಲ್ ಆಡುವ ಹೆಂಗಸರ ಪೈಕಿ ಇಬ್ಬರು ಒಂದೇ ಮನೆಯ ಸೊಸೆಯರು. ಹಿರಿಸೊಸೆ ಪ್ಯಾಕಿಂಗ್ ವಿಭಾಗದವಳು. ಎತ್ತರದ ಆಳು, ನೆಟ್‌ನ ಎಡತುದಿಯಿಂದ ಓಡಿಬಂದು ಹಾರಿ ಹೊಡೆದರೆ ಎದುರಿನವರು ಕಣ್ಣುಮುಚ್ಚಿಕೊಳ್ಳುತ್ತಿದ್ದರು. ಕಿರಿಸೊಸೆ ಸೋಪನ್ನು ಬಿಲ್ಲೆ ಬಿಲ್ಲೆಯಾಗಿ ಕತ್ತರಿಸುವ ಯಂತ್ರದ ಮುಂದೆ ನಿಲ್ಲುವವಳು. ಗಿಡ್ಡಿ. ಮಾತು ಕಡಿಮೆ, ಮರೆವು ಇನ್ನೂ ಕಡಿಮೆ.

ಕಾರ್ಖಾನೆಯ ತಂಡಕ್ಕೆ ಆಟಗಾರ್ತಿಯರನ್ನು ಆರಿಸುವ ದಿನ ಹಿರಿಸೊಸೆಯೇ ಕ್ಯಾಪ್ಟನ್. ಕಿರಿಸೊಸೆ ಹಿಂದಿನ ಸಾಲಿನಲ್ಲಿ ನಿಂತು ಬೆವರು ಒರೆಸಿಕೊಳ್ಳುತ್ತಿದ್ದಳು. ಅವಳು ಕೈ ಮುಂದೊಡ್ಡುವ ಮೊದಲೇ ಚೆಂಡು ಬಂದು ಬಾಯಿಗೆ ಬಡಿಯಿತು. ಮುಂದಿನ ಹಲ್ಲಿನ ಒಂದು ಚೂರು ಮಣ್ಣಿಗೆ ಬಿತ್ತು.

"ರೆಡಿ ಇಲ್ದೋರು ಕೋರ್ಟ್ ಒಳಗೆ ಯಾಕೆ ನಿಲ್ತಾರೋ," ಎಂದಳು ಹಿರಿಸೊಸೆ. ಅವಳು ತನ್ನತ್ತ ನೋಡಿಯೇ ಹೊಡೆದದ್ದನ್ನು ಕಿರಿಸೊಸೆ ಕಂಡಿದ್ದಳು. ಆಯ್ಕೆಯಾದವರಲ್ಲಿ ಅವಳ ಹೆಸರು ಬರಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ನುಂಗಿಕೊಳ್ಳುತ್ತಿದ್ದಳೋ ಏನೋ. ಆದರೆ ಆ ಭಾನುವಾರ ಮನೆಮಂದಿಯೆಲ್ಲ ಊಟಕ್ಕೆ ಕೂತಾಗ ಹಿರಿಸೊಸೆ ಎದ್ದುನಿಂತು ಇಡೀ ಪ್ರಸಂಗವನ್ನು, ಇಲ್ಲದ್ದನ್ನೂ ಸೇರಿಸಿ, ಅಭಿನಯಿಸಿ ತೋರಿಸಿದಳು. ಎರಡೂ ಕೈ ಜೋಡಿಸಿ ಕಣ್ಣುಮುಚ್ಚಿ ನಿಂತದ್ದು, ಕೈಗಳ ನಡುವಿನಿಂದ ಚೆಂಡು ತೂರಿ ಬಂದದ್ದು, ಬಾಯಿ ಹಿಡಿದುಕೊಂಡು ಕೂತದ್ದು. "ಇವಳ ಕೈ ಕೈಯಲ್ಲ ಅತ್ತೆ, ಜರಡಿ," ಎಂದಳು. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಭಾವ ನಕ್ಕರು. ಪಕ್ಕದಲ್ಲಿ ಕೂತ ಗಂಡನೂ ನಕ್ಕ. ಮರುದಿನದಿಂದ ಭಾವನ ಮಕ್ಕಳ ಬಾಯಲ್ಲಿ ಅವಳು 'ಜರಡಿ ಚಿಕ್ಕಮ್ಮ'. ಅವಳ ಹೊಟ್ಟೆಯೊಳಗೆ ಬೆಂಕಿ ಹೊತ್ತಿಕೊಂಡಿದ್ದು ಗಂಡನ ಆ ನಗುವಿಗೆ.

ಸ್ಟೋರ್ ನೋಡಿಕೊಳ್ಳುವ ಹೆಂಗಸೊಬ್ಬರಿದ್ದರು. ಎಲ್ಲರೂ ಅವರನ್ನು ಸ್ಟೋರಕ್ಕ ಎನ್ನುತ್ತಿದ್ದರು. ಪ್ರಾಯದಲ್ಲಿ ಹಿಂದಿನ ಸಾಲಿನಲ್ಲಿ ಆಡಿ ಹೆಸರು ಮಾಡಿದವರು, ಈಗ ಮಂಡಿನೋವು. ಕಿರಿಸೊಸೆ ಊಟದ ಬಿಡುವಿನಲ್ಲಿ ಅವರ ಬಾಗಿಲಿಗೆ ಹೋಗಿ ನಿಂತಳು.

"ಅಕ್ಕಾ, ನನಗೆ ಹೊಡೆಯೋದು ಬೇಡ. ಒಬ್ಬಳು ಹೊಡೆದಿದ್ದನ್ನ ಎತ್ತೋದು ಕಲಿಸಿ. ಒಂದೂ ನೆಲಕ್ಕೆ ಬೀಳಬಾರದು."

ಸ್ಟೋರಕ್ಕ ಅವಳ ಮುರಿದ ಹಲ್ಲನ್ನೊಮ್ಮೆ ನೋಡಿದರು. ಯಾರು ಏನು ಎಂದು ಕೇಳಲಿಲ್ಲ. "ಕೈ ಜೋಡಿಸು ನೋಡೋಣ," ಎಂದರು.

ಅವಳು ಬೆರಳುಗಳನ್ನು ಹೆಣೆದು ಮುಷ್ಟಿ ಬಿಗಿದಳು.

"ಹಾಗಲ್ಲ. ಬೆರಳು ಹೆಣೆದರೆ ಬೆರಳೇ ಮುರಿಯುತ್ತೆ. ಒಂದು ಕೈ ಬೆರಳನ್ನ ಇನ್ನೊಂದರ ಮೇಲೆ ಮಲಗಿಸು. ಹೆಬ್ಬೆರಳು ಎರಡೂ ಅಕ್ಕಪಕ್ಕ, ಸಮ. ಈಗ ಹೆಬ್ಬೆರಳನ್ನ ನೆಲದ ಕಡೆ ಒತ್ತು. ಮೊಣಕೈ ತಾನಾಗೇ ನೆಟ್ಟಗಾಗುತ್ತೆ ನೋಡು." ಅವಳ ಎರಡು ಮುಂಗೈಗಳ ಒಳಮೈ ಮಗ್ಗುಲಿಗೆ ಮಗ್ಗುಲು ಸೇರಿ ಮಣೆಯಂತೆ ಸಪಾಟಾಯಿತು. ಸ್ಟೋರಕ್ಕ ಮಣಿಕಟ್ಟಿನಿಂದ ಮೇಲೆ, ಮೊಣಕೈಗಿಂತ ಸಾಕಷ್ಟು ಕೆಳಗೆ ಬೆರಳಿಟ್ಟರು. "ಚೆಂಡು ಇಲ್ಲಿ ಬೀಳಬೇಕು. ಮುಷ್ಟಿ ಮೇಲಲ್ಲ."

ಗೋದಾಮಿನ ಹಿಂದೆ ದಿನವೂ ಅದೇ ಪಾಠ. ಮೆಲ್ಲಗೆ ಬಂದ ಚೆಂಡಿಗೆ ಬಾಗಿಸಿದ ಮಂಡಿಯಿಂದ ಮೇಲೆದ್ದು ಎತ್ತಬೇಕು, ಕೈ ಬೀಸಬಾರದು. ಬಿರುಸಿನ ಚೆಂಡಿಗೆ ಅದೂ ಬೇಡ. ಬರೀ ಮಣೆ ಒಡ್ಡಬೇಕು, ತಾಗಿದ ಕ್ಷಣ ಕೈಯನ್ನು ತುಸು ಹಿಂದಕ್ಕೆ ಬಿಟ್ಟು ಬಿರುಸನ್ನು ಕುಡಿದುಬಿಡಬೇಕು. ಕಿರಿಸೊಸೆಗೆ ಇದೇ ಕಷ್ಟ. ಸಿಟ್ಟಿಗೆ ಕೈ ಬೀಸುತ್ತಿದ್ದಳು, ಚೆಂಡು ಗೋದಾಮಿನ ತಗಡಿನ ಮೇಲೆ ಹೋಗಿ ಕೂರುತ್ತಿತ್ತು.

"ಪಂದ್ಯದಲ್ಲಿ ಇದು ನೆಟ್ ದಾಟಿ ಸೀದಾ ಅವಳ ಕೈಗೇ ಹೋಗುತ್ತೆ. ಮತ್ತೊಮ್ಮೆ ಹೊಡಿ ಅಂತ ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ," ಎಂದರು ಸ್ಟೋರಕ್ಕ. "ಸಿಟ್ಟು ಇರಲಿ. ಕೈಗೆ ಇಳಿಸಬೇಡ, ಕಣ್ಣಿಗೆ ಹಾಕು."

ಕಣ್ಣಿಗೆ ಹಾಕಿದಳು. ಪ್ಯಾಕಿಂಗ್‌ನವರು ಅಭ್ಯಾಸ ಮಾಡುವಾಗ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತು ಓರಗಿತ್ತಿಯನ್ನೇ ನೋಡತೊಡಗಿದಳು. ಚೆಂಡನ್ನಲ್ಲ, ಅವಳನ್ನು. ಹಿರಿಸೊಸೆ ಇದನ್ನು ಅಭಿಮಾನವೆಂದು ತಿಳಿದು ಇನ್ನಷ್ಟು ಜೋರಾಗಿ ಹೊಡೆದಳು. ಅಡ್ಡಗೆರೆಯಾಗಿ ದೂರದ ಮೂಲೆಗೆ ಹೊಡೆಯುವಾಗ ಅವಳ ಎದೆ ಓಡಿಬಂದ ದಿಕ್ಕಿಗೇ, ಓರೆಯಾಗಿಯೇ ಇರುತ್ತಿತ್ತು. ಪಕ್ಕದ ಗೆರೆಗುಂಟ ನೇರ ಹೊಡೆಯುವುದಾದರೆ ಕೊನೆಯ ಹೆಜ್ಜೆಯಲ್ಲಿ ಎಡಗಾಲು ತಿರುಗಿ ಎದೆ ಪೂರ್ತಿ ನೆಟ್‌ಗೆ ಎದುರಾಗುತ್ತಿತ್ತು. ಮೋಸದಿಂದ ಮೆತ್ತಗೆ ತಟ್ಟುವುದಾದರೆ ಮೊಣಕೈ ಮೇಲೇರದೆ ಕಿವಿಯ ಹತ್ತಿರವೇ ಉಳಿಯುತ್ತಿತ್ತು. ಹಾರುವ ಮೊದಲೇ ಅರ್ಧ ಗುಟ್ಟು ಹೊರಗೆ. ಅದು ಹಿರಿಸೊಸೆಗೇ ಗೊತ್ತಿರಲಿಲ್ಲ.

ವಿಭಾಗಗಳ ಪಂದ್ಯಾವಳಿಯಲ್ಲಿ ಫೈನಲ್‌ಗೆ ಬಂದವರು ಪ್ಯಾಕಿಂಗ್ ಮತ್ತು ಕಟಿಂಗ್. ಕಿರಿಸೊಸೆ ಬೇರೆ ಬಣ್ಣದ ಅಂಗಿ ತೊಟ್ಟು, ಹಿಂದಿನ ಸಾಲಿನಲ್ಲಿ ಮಾತ್ರ ಆಡುವ ಲಿಬೆರೊ ಆಗಿ ಇಳಿದಳು. ಮನೆಯವರೆಲ್ಲ ಬಂದಿದ್ದರು, ಹಿರಿಸೊಸೆಯ ಆಟ ನೋಡಲು. ಹಿರಿಸೊಸೆ ನೆಟ್ ಆಚೆಯಿಂದ ನಕ್ಕಳು.

"ಬಾಯಿ ಜೋಪಾನ ಕಣೇ."

"ಆಯ್ತಕ್ಕಾ," ಎಂದಳು ಕಿರಿಸೊಸೆ.

ಕಟಿಂಗ್‌ನವರು ಮೊದಲೇ ಮಾತಾಡಿಕೊಂಡಿದ್ದರು. ಮುಂದಿನ ಸಾಲಿನ ಇಬ್ಬರು ಹಾರಿ ನೇರ ದಾರಿಗೆ ತಡೆ ಕಟ್ಟುವುದು, ಅಡ್ಡದಾರಿ ಕಿರಿಸೊಸೆಗೆ ಬಿಡುವುದು. ಅವಳು ಎಡಮೂಲೆಯಲ್ಲಿ, ತಡೆಯ ಮರೆಗೆ ಸಿಗದಂತೆ ನಿಂತಳು. ಮೊದಲೇ ಕೈ ಜೋಡಿಸಿಕೊಂಡು ಕಾಯಲಿಲ್ಲ. ಮಂಡಿ ಬಾಗಿಸಿ, ಕೈ ಬಿಡಿಯಾಗಿ ಮುಂದಿಟ್ಟು, ಭಾರವನ್ನು ಮುಂಗಾಲಿಗೆ ಹಾಕಿ ನಿಂತಳು. ಹಿರಿಸೊಸೆ ಓಡಿಬಂದಳು. ಎದೆ ಓರೆ. ಕಿರಿಸೊಸೆ ಒಂದು ಹೆಜ್ಜೆ ಸರಿದು, ಹೊಡೆಯುವ ಗಳಿಗೆಗೆ ಕಲ್ಲಿನಂತೆ ನಿಂತು, ಆಮೇಲೆ ಕೈ ಜೋಡಿಸಿದಳು. ಚೆಂಡು ಮುಂಗೈಗೆ ಬಡಿದು, ಬಿರುಸು ಕಳೆದುಕೊಂಡು, ಎತ್ತರಕ್ಕೆ ಎದ್ದು ನೆಟ್ ಬಳಿಯಿದ್ದ ತನ್ನವಳ ಬೆರಳಿಗೆ ಇಳಿಯಿತು.

ಎರಡನೆಯದು ಅವಳ ಎಡಮಗ್ಗುಲಿಗೆ ಬಂತು. ಬಲಭುಜ ತಗ್ಗಿಸಿ ಎಡಭುಜ ಎತ್ತಿ ಮಣೆಯನ್ನು ಒಳಕ್ಕೆ ಓರೆಮಾಡಿದಳು. ಚೆಂಡು ಹೊರಗೆ ಸಿಡಿಯಲಿಲ್ಲ. ಮೂರನೆಯದೂ ಎದ್ದಿತು. ಒಂದೊಂದು ಎದ್ದಾಗಲೂ ಅವಳು ಚೆಂಡಿನತ್ತ ನೋಡದೆ ಓರಗಿತ್ತಿಯ ಮುಖವನ್ನೇ ನೋಡಿದಳು. ಆ ಮುಖ ಕೆಂಪಾಗುವುದು, ಆಮೇಲೆ ಸಪ್ಪಗಾಗುವುದು, ಎಲ್ಲವನ್ನೂ ಸವಿದಳು. ಮುಂಗೈ ಬರೆ ಎಳೆದಂತೆ ಉರಿಯುತ್ತಿತ್ತು, ಆ ಉರಿಯೂ ಹಿತವಾಗಿತ್ತು.

ಹಿರಿಸೊಸೆ ಇನ್ನೂ ಜೋರಾಗಿ ಹೊಡೆದಳು, ಚೆಂಡು ಗೆರೆಯಾಚೆ ಹೋಯಿತು. ನೇರಕ್ಕೆ ಹೊಡೆದಳು, ತಡೆಗೆ ಬಡಿದು ಅವಳ ಕಾಲಬುಡಕ್ಕೇ ಬಿತ್ತು. ಕೊನೆಯ ಸೆಟ್‌ನ ಕೊನೆಯ ಅಂಕಕ್ಕೆ ಮತ್ತೆ ಓಡಿಬಂದು ಬಾನೆತ್ತರ ಹಾರಿದಳು. ಮೊಣಕೈ ಕಿವಿಯ ಹತ್ತಿರವೇ ಉಳಿಯಿತು. ಕಿರಿಸೊಸೆ ಆಗಲೇ ಮುಂದಕ್ಕೆ ಧಾವಿಸಿದ್ದಳು. ತಡೆಯ ಹಿಂದೆ ಮೆತ್ತಗೆ ಇಳಿಯುತ್ತಿದ್ದ ಚೆಂಡಿನಡಿ ಮಂಡಿಯೂರಿ ಮುಂಗೈ ತೂರಿಸಿ ಎತ್ತಿದಳು. ಮತ್ತೊಬ್ಬಳು ಅದನ್ನು ನೆಟ್‌ನ ಮೇಲಕ್ಕೆ ಎತ್ತಿಕೊಟ್ಟಳು, ಇನ್ನೊಬ್ಬಳು ಖಾಲಿ ಮೂಲೆಗೆ ಬಡಿದಳು. ಪಂದ್ಯ ಮುಗಿಯಿತು.

ನೆಟ್ ಕೆಳಗೆ ಕೈ ಕುಲುಕುವಾಗ ಕಿರಿಸೊಸೆ ಓರಗಿತ್ತಿಯ ಕೈಯನ್ನು ಬೇಕೆಂದೇ ಸ್ವಲ್ಪ ಹೊತ್ತು ಬಿಡಲಿಲ್ಲ. "ಜರಡೀಲಿ ಇವತ್ತು ಒಂದೂ ಸೋರಲಿಲ್ಲ ಅಲ್ವಾಕ್ಕಾ," ಎಂದಳು, ಅತ್ತೆಗೂ ಗಂಡನಿಗೂ ಕೇಳುವಷ್ಟು ಗಟ್ಟಿಯಾಗಿ. ಗಂಡ ನಗಲು ಬಾಯಿ ತೆರೆದ. ಅವಳು ತಿರುಗಿ ನೋಡಿದಳು. ಅವನು ಬಾಯಿ ಮುಚ್ಚಿಕೊಂಡ.

ಕೆಲವು ದಿನ ಕಳೆದ ಮೇಲೆ ಬಟ್ಟೆ ಒಣಹಾಕುತ್ತಿದ್ದಾಗ ಹಿರಿಸೊಸೆ ತಾನಾಗಿ ಹತ್ತಿರ ಬಂದಳು. ದನಿಯಲ್ಲಿ ಜಂಬವಿರಲಿಲ್ಲ. "ನಿಜ ಹೇಳು. ನಾನು ಎಲ್ಲಿಗೆ ಹೊಡೀತೀನಿ ಅಂತ ನಿನಗೆ ಹೇಗೆ ಗೊತ್ತಾಗ್ತಿತ್ತು? ನನ್ನಲ್ಲಿ ಏನು ನೋಡ್ತಿದ್ದೆ?"

ಕಿರಿಸೊಸೆ ಒದ್ದೆ ಬೆಡ್‌ಶೀಟನ್ನು ಕೊಡವಿ ತಂತಿಯ ಮೇಲೆ ಹರಡಿದಳು. ಹೇಳಬಹುದಿತ್ತು.

"ಏನೂ ಇಲ್ಲಕ್ಕಾ. ಅದೃಷ್ಟ," ಎಂದಳು.

ಆ ವರ್ಷವಿಡೀ ಹಿರಿಸೊಸೆ ಹೊಡೆಯಲು ಓಡುವಾಗ ತನ್ನ ಕೈಯನ್ನೂ ಕಾಲನ್ನೂ ತಾನೇ ನೋಡಿಕೊಳ್ಳತೊಡಗಿದಳು. ಓಟ ತಡವರಿಸಿತು, ಹಾರುವ ಗಳಿಗೆ ತಪ್ಪಿತು, ಹೊಡೆತಗಳು ನೆಟ್‌ಗೆ ಸಿಕ್ಕಿಕೊಂಡವು. ಕಿರಿಸೊಸೆ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತು ಅದನ್ನೆಲ್ಲ ನೋಡುತ್ತಿದ್ದಳು. ಬಿಡುವು ಮುಗಿದ ಗಂಟೆ ಬಾರಿಸಿದರೂ ಅವಳಿಗೆ ಏಳಲು ಮನಸ್ಸಾಗುತ್ತಿರಲಿಲ್ಲ.